ಕಡುಬು ಜೂನಿನಲ್ಲಿ, ಹಬ್ಬ ಸೆಪ್ಟೆಂಬರಿನಲ್ಲಿ

ಗಣೇಶನ ಹಬ್ಬದ ದಿನ ಬೆಳಿಗ್ಗೆ ಕಡುಬು ಬೇಯಿಸಿ, ಗಡಿಬಿಡಿಯಲ್ಲಿ ನಾಲ್ಕು ಫೋಟೊ ಹೊಡೆದು, ರಾತ್ರಿ ಪಾತ್ರೆಯೆಲ್ಲ ತೊಳೆದ ಮೇಲೆ ಕೂತು ಬರೆದು ಬ್ಲಾಗಿಗೆ ಹಾಕುವವರು ಬಹಳ ಮಂದಿ. ಬರಹ ಚೆನ್ನಾಗಿಯೇ ಇರುತ್ತದೆ. ಆದರೆ ಅದು ಜನರ ಕಣ್ಣಿಗೆ ಬೀಳುವ ಹೊತ್ತಿಗೆ ಅವರ ಮನೆಯಲ್ಲೂ ಹಬ್ಬ ಮುಗಿದು, ಗಣಪತಿ ನೀರಿಗೆ ಹೋಗಿ, ಉಳಿದ ಹೂರಣ ಫ್ರಿಜ್ಜಿನಲ್ಲಿ ಗಟ್ಟಿಯಾಗಿರುತ್ತದೆ.

ಹುಡುಕುವವರ ಲೆಕ್ಕ ಬೇರೆ. ಹಬ್ಬದ ಅಡುಗೆಯನ್ನು ಜನ ಒಂದೆರಡು ವಾರ ಮೊದಲೇ ಹುಡುಕಲು ಶುರುಮಾಡುತ್ತಾರೆ. ಹಬ್ಬದ ಆಸುಪಾಸಿನಲ್ಲಿ ಹುಡುಕಾಟ ತುದಿ ಮುಟ್ಟುತ್ತದೆ, ಆಮೇಲೆ ದೊಪ್ಪನೆ ಬೀಳುತ್ತದೆ. ಗೂಗಲ್ ಟ್ರೆಂಡ್ಸ್ ಎಂಬ ಉಚಿತ ಪುಟದಲ್ಲಿ ಮೋದಕದ ಹೆಸರು ಹಾಕಿ, ಭಾರತವನ್ನು ಆರಿಸಿ, ಐದು ವರ್ಷದ ಗೆರೆಯನ್ನು ನೋಡಿದರೆ ಇದು ಗೊತ್ತಾಗುತ್ತದೆ: ವರ್ಷವಿಡೀ ನೆಲಕ್ಕಂಟಿದ ಗೆರೆ, ಚೌತಿಯ ಸುತ್ತ ಮಾತ್ರ ಸೂಜಿಯಂತೆ ಮೇಲೇಳುತ್ತದೆ. ಇನ್ನೊಂದು ಕಡೆ, ಹೊಸ ಬರಹವನ್ನು ಸರ್ಚ್ ಎಂಜಿನ್ ಗಮನಿಸಿ, ಅದೇ ತಿಂಡಿಯ ಹಳೆಯ ಬರಹಗಳ ನಡುವೆ ಅದಕ್ಕೊಂದು ಜಾಗ ಕೊಡುವುದಕ್ಕೆ ವಾರಗಳೇ ಬೇಕು. ಹೊಸ ಬ್ಲಾಗಾದರೆ ತಿಂಗಳುಗಳೂ ಹಿಡಿಯಬಹುದು. ಆದ್ದರಿಂದ ಹಬ್ಬದ ಅಡುಗೆಯ ಬರಹ ಹಬ್ಬಕ್ಕೆ ಕಡಿಮೆಯೆಂದರೂ ಐದಾರು ವಾರ ಮುಂಚೆ ಹೊರಬಂದಿರಬೇಕು. ಅದಕ್ಕೂ ಒಂದು ತಿಂಗಳು ಮೊದಲೇ ಒಲೆ ಹೊತ್ತಿರಬೇಕು.

ಅಂದರೆ ಒಂದೊಂದು ಅಡುಗೆಗೂ ಎರಡು ತಾರೀಖು. ಒಂದು ಒಲೆಯದು, ಇನ್ನೊಂದು ಪ್ರಕಟಣೆಯದು. ಬ್ಲಾಗಿಗೆಂದು ಕ್ಯಾಲೆಂಡರ್ ಹಾಕಿಕೊಳ್ಳುವವರು ಸಾಮಾನ್ಯವಾಗಿ ಎರಡನೆಯದನ್ನು ಮಾತ್ರ ಬರೆದುಕೊಳ್ಳುತ್ತಾರೆ, ಯೋಜನೆ ಎಡವುವುದೂ ಅಲ್ಲೇ. ಆಗಸ್ಟ್ ತಿಂಗಳ ಪುಟದಲ್ಲಿ ‘ಕಡುಬು’ ಎಂದು ಬರೆದಿಟ್ಟರೆ ಕಡುಬು ಆಗಸ್ಟಿನಲ್ಲೇ ಬೇಯುತ್ತದೆ.

ಎಲ್ಲ ಅಡುಗೆಯನ್ನೂ ಮುಂಚೆಯೇ ಮಾಡಿಟ್ಟುಕೊಂಡರಾಯಿತಲ್ಲ ಎಂದರೆ, ಅದೂ ಆಗುವುದಿಲ್ಲ. ಹಬ್ಬದ ತಿಂಡಿಗಳ ಸಾಮಾನು ಬಹುಪಾಲು ವರ್ಷವಿಡೀ ಸಿಗುತ್ತದೆ. ಅಕ್ಕಿಹಿಟ್ಟು, ಕಾಯಿ, ಬೆಲ್ಲ, ಕಡಲೆಬೇಳೆಗೆ ಕಾಲದ ಹಂಗಿಲ್ಲ. ಒಬ್ಬಟ್ಟನ್ನೋ ಚಕ್ಕುಲಿಯನ್ನೋ ಯಾವ ತಿಂಗಳಲ್ಲಾದರೂ ಮಾಡಬಹುದು. ಅವರೆಕಾಯಿಯದು ಹಾಗಲ್ಲ. ಸೊಗಡಿನ ಅವರೆ ಬೇಕೆಂದರೆ ಡಿಸೆಂಬರ್–ಜನವರಿಯೇ ಬರಬೇಕು. ಕಳಲೆಗೆ ಮಳೆ ಬೀಳಬೇಕು, ಅಪ್ಪೆಮಿಡಿಗೆ ಮಾವು ಕಾಯಿಕಚ್ಚಬೇಕು. ಇಂಥ ಕಾಲದ ಅಡುಗೆಗೆ ಎರಡೇ ದಾರಿ. ಮೊದಲ ಬೆಳೆ ಪೇಟೆಗೆ ಬಂದ ವಾರವೇ ಮಾಡಿ, ಅದೇ ವಾರ ಬರೆದು ಹಾಕಿಬಿಡುವುದು ಒಂದು. ಈ ವರ್ಷ ಮಾಡಿ, ಫೋಟೊ ತೆಗೆದು, ಅಳತೆ ಬರೆದಿಟ್ಟುಕೊಂಡು ಮುಂದಿನ ವರ್ಷ ಒಂದು ತಿಂಗಳು ಮುಂಚೆ ಪ್ರಕಟಿಸುವುದು ಇನ್ನೊಂದು. ಮೂರನೆಯ ಬಗೆಯ ಅಡುಗೆಯೂ ಇದೆ, ಹುಳಿಪುಡಿ, ಸಾರಿನಪುಡಿ, ದೋಸೆಹಿಟ್ಟು, ಚಪಾತಿಗೆ ಪಲ್ಯದಂಥ ದಿನದ ಅಡುಗೆ. ಇದಕ್ಕೆ ಯಾವ ತಾರೀಖಾದರೂ ನಡೆಯುತ್ತದೆ. ಓದುಗರು ವರ್ಷವಿಡೀ ಬರುವುದೂ ಇದಕ್ಕೇ. ಹಬ್ಬದ ಬರಹಕ್ಕೆ ಬಂದ ಜನಸಂದಣಿ ನೋಡಿ ಹಿಗ್ಗುವವರು ಇದನ್ನು ಮರೆಯುತ್ತಾರೆ. ನನ್ನ ಮಾತು ಕೇಳುವುದಾದರೆ ವರ್ಷದ ಅರ್ಧದಷ್ಟು ಬರಹ ದಿನದ ಅಡುಗೆಯದೇ ಇರಲಿ.

ಕ್ಯಾಲೆಂಡರ್ ಹಾಕುವ ಕೆಲಸ ಪಂಚಾಂಗದಿಂದ ಶುರುವಾಗಬೇಕು. ನಮ್ಮ ಹಬ್ಬಗಳು ಚಾಂದ್ರಮಾನದವು, ಇಂಗ್ಲಿಷ್ ತಾರೀಖಿನಲ್ಲಿ ಒಂದೆಡೆ ನಿಲ್ಲುವುದಿಲ್ಲ. ಸಂಕ್ರಾಂತಿಯೊಂದು ಜನವರಿ 14–15 ಬಿಟ್ಟು ಕದಲದು. ಉಳಿದವು ವರ್ಷವರ್ಷ ಹತ್ತು–ಹನ್ನೊಂದು ದಿನ ಹಿಂದೆ ಸರಿಯುತ್ತ ಬಂದು, ಅಧಿಕಮಾಸ ಬಂದ ವರ್ಷ ಒಮ್ಮೆಲೇ ಮುಂದಕ್ಕೆ ಹಾರುತ್ತವೆ. 2025ರಲ್ಲಿ ಗಣೇಶ ಚೌತಿ ಆಗಸ್ಟ್ 27ಕ್ಕೆ ಬಂದಿತ್ತು. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ ಇರುವುದರಿಂದ ಚೌತಿ ಸೆಪ್ಟೆಂಬರ್ 14ಕ್ಕೆ ಹೋಗುತ್ತದೆ. ಹಿಂದಿನ ವರ್ಷದ ಪಟ್ಟಿಯನ್ನೇ ನಕಲು ಹೊಡೆದವರಿಗೆ ಹದಿನೆಂಟು ದಿನದ ವ್ಯತ್ಯಾಸ. ಅಂದಹಾಗೆ ಈ ಅಧಿಕಮಾಸವೇ ಒಂದು ಒಳ್ಳೆಯ ವಿಷಯ. ಉತ್ತರ ಕರ್ನಾಟಕದಲ್ಲಿ ಈ ತಿಂಗಳು ಅಳಿಯನಿಗೆ ಮೂವತ್ತಮೂರು ಅನಾರಸ ಕೊಡುವ ಪದ್ಧತಿ ಇದೆ. ಅಕ್ಕಿ ಮೂರು ದಿನ ನೆನೆಸಿ, ದಿನವೂ ನೀರು ಬದಲಿಸಿ, ಬೆಲ್ಲ ಕೂಡಿಸಿದ ಹಿಟ್ಟನ್ನು ಮತ್ತೆ ಕೆಲವು ದಿನ ಇಟ್ಟು ಮಾಡುವ ತಿಂಡಿ ಅದು. ಒಂದು ವಾರ ಮುಂಚೆ ಅಕ್ಕಿ ನೆನೆಹಾಕದಿದ್ದರೆ ಫೋಟೊ ದಿನಕ್ಕೆ ಅನಾರಸವೇ ಇರುವುದಿಲ್ಲ. ಅಧಿಕಮಾಸ ಬರುವುದು ಸುಮಾರು ಎರಡೂಮುಕ್ಕಾಲು ವರ್ಷಕ್ಕೊಮ್ಮೆ, ತಪ್ಪಿದರೆ ಅಷ್ಟು ಕಾಲ ಕಾಯಬೇಕು.

ಈಗ ಒಂದು ನಿಜವಾದ ಪಟ್ಟಿ ಹಾಕಿ ನೋಡೋಣ. ತೀರ್ಥಹಳ್ಳಿಯ ಕಡೆಯ ಒಬ್ಬ ಗೃಹಿಣಿ ಎಂದಿಟ್ಟುಕೊಳ್ಳಿ. ಮನೆಯಲ್ಲಿ ಅತ್ತೆ, ಗಂಡ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಬ್ಲಾಗಿಗೆಂದು ಅವರಿಗೆ ಸಿಗುವುದು ವಾರಕ್ಕೆ ನಾಲ್ಕೈದು ಗಂಟೆ, ಅದೂ ಮಧ್ಯಾಹ್ನದ ಹೊತ್ತು. ಒಂದು ಬರಹ ಎಷ್ಟು ಹೊತ್ತು ತಿನ್ನುತ್ತದೆ? ಅಳತೆ ಖಾತ್ರಿ ಮಾಡಿಕೊಳ್ಳಲು ಒಮ್ಮೆ ಮಾಡಬೇಕು, ಎರಡು ಗಂಟೆ. ಫೋಟೊಕ್ಕೆಂದು ಇನ್ನೊಮ್ಮೆ ಮಾಡಬೇಕು. ಹಂತಹಂತಕ್ಕೂ ಕೈ ತೊಳೆದು ಫೋನ್ ಹಿಡಿಯುವುದರಿಂದ ಅದು ಮೂರು ಗಂಟೆ. ಫೋಟೊ ಆರಿಸಿ ತಿದ್ದುವುದಕ್ಕೆ ಒಂದು, ಬರೆಯುವುದಕ್ಕೆ ಎರಡು. ಎಂಟು ಗಂಟೆಯಾಯಿತು. ವಾರಕ್ಕೆ ನಾಲ್ಕೈದು ಗಂಟೆಯೆಂದರೆ ಎರಡು ವಾರಕ್ಕೊಂದು ಬರಹ, ಕೈಯಲ್ಲಿ ಒಂಚೂರು ಉಳಿಯುತ್ತದೆ. ವಾರಕ್ಕೊಂದು ಹಾಕುತ್ತೇನೆಂದು ಹೊರಟರೆ ಮೊದಲು ಕೈಬಿಟ್ಟುಹೋಗುವುದು ಆ ಮೊದಲ ಎರಡು ಗಂಟೆ. ಒಂದೇ ಸಲ ಮಾಡಿ, ಅದನ್ನೇ ಅಳತೆಯೆಂದು ಬರೆಯುವುದು ಶುರುವಾಗುತ್ತದೆ. ಬರಹದಲ್ಲಿ ‘ಬೇಕಾದಷ್ಟು ನೀರು’, ‘ಹದವಾಗಿ’, ‘ಸ್ವಲ್ಪ ಹೊತ್ತು’ ಎಂಬ ಮಾತುಗಳು ಹೆಚ್ಚಾದರೆ ವೇಗ ಕೈಮೀರಿದೆ ಎಂದೇ ಅರ್ಥ.

ಅವರು ಎರಡು ವಾರಕ್ಕೊಮ್ಮೆ ಗುರುವಾರ ಎಂದು ಗೊತ್ತುಮಾಡಿಕೊಂಡರು. 2026ರ ಜುಲೈಯಿಂದ ಲೆಕ್ಕ ಹಾಕಿದರೆ ಜುಲೈ 2, 16, 30, ಆಗಸ್ಟ್ 13, 27, ಸೆಪ್ಟೆಂಬರ್ 10, 24, ಒಟ್ಟು ಏಳು ಗುರುವಾರ. ತುಂಬಬೇಕಾದದ್ದು ಹಬ್ಬದ ಕಡೆಯಿಂದ ಹಿಮ್ಮುಖವಾಗಿ. ಚೌತಿ ಸೆಪ್ಟೆಂಬರ್ 14, ಸುಮಾರು ಆರೂವರೆ ವಾರ ಹಿಂದಕ್ಕೆ ಬಂದರೆ ಜುಲೈ 30. ಕಡುಬಿಗೆ ಆ ಗುರುವಾರ. ನಾಗರಪಂಚಮಿ ಆಗಸ್ಟ್ 17. ಮಲೆನಾಡು, ಕರಾವಳಿಯಲ್ಲಿ ಅಂದು ಅರಿಶಿನ ಎಲೆಯ ಕಡುಬು, ಅದಕ್ಕೆ ಜುಲೈ ಮೊದಲ ವಾರ ಬೇಕು. ಆದರೆ ಇಲ್ಲೊಂದು ತೊಡಕು. ಜುಲೈ 2ಕ್ಕೆ ಪ್ರಕಟಿಸಬೇಕಾದರೆ ಜೂನ್ ನಡುವಿನಲ್ಲಿ ಬೇಯಿಸಬೇಕು. ಮೊದಲ ಮಳೆಗೆ ಚಿಗುರಿದ ಅರಿಶಿನದ ಎಲೆ ಆಗ ಇನ್ನೂ ಎಳೆಯದು, ಅದರ ಮೇಲೆ ಅಕ್ಕಿಹಿಟ್ಟು ಸವರಿ ಮಡಚುವಷ್ಟು ಅಗಲ ಇರುವುದಿಲ್ಲ. ಹಬ್ಬದ ಅಡುಗೆಯೇ ಆದರೂ ಎಲೆಯ ದೆಸೆಯಿಂದ ಇದು ಕಾಲದ ಅಡುಗೆಯೂ ಹೌದು. ಹೀಗಾಗಿ ಮೊದಲ ವರ್ಷ ರಾಜಿ ಮಾಡಿಕೊಂಡು ಜುಲೈ 16ಕ್ಕೆ ಇಡುವುದು, ಹಬ್ಬಕ್ಕೆ ಒಂದು ತಿಂಗಳಷ್ಟೇ ಉಳಿಯುತ್ತದೆ. ಮುಂದಿನ ವರ್ಷಕ್ಕೆ ಫೋಟೊ ಹೇಗೂ ಕೈಯಲ್ಲಿರುತ್ತದೆ.

ಜುಲೈ 2ಕ್ಕೆ ಹುಳಿಪುಡಿ. ಮೇ ತಿಂಗಳ ಬಿಸಿಲಲ್ಲಿ ಬ್ಯಾಡಗಿ ಮೆಣಸಿನಕಾಯಿ ಒಣಗಿಸಿ ಮನೆಗೆಂದು ಪುಡಿ ಮಾಡುವಾಗಲೇ ಅದರ ಫೋಟೊ ಮುಗಿದಿರಬೇಕು, ಮಳೆ ಹಿಡಿದ ಮೇಲೆ ಮೆಣಸಿನಕಾಯಿ ಗರಿಗರಿ ಆಗದು. ಆಗಸ್ಟ್ 13ಕ್ಕೆ ಕಳಲೆ ಪಲ್ಯ, ಜುಲೈ ಕೊನೆಗೆ ಮಾಡಿ ಬಿಸಿಬಿಸಿ ಹಾಕುವ ಕಾಲದ ಬರಹ. ಕಳಲೆಯನ್ನು ಹೆಚ್ಚಿ ಮೂರು ದಿನ ನೆನೆಹಾಕಿ, ದಿನವೂ ನೀರು ಚೆಲ್ಲಿ, ಆಮೇಲೆ ಬೇಯಿಸಬೇಕು. ಹಸಿ ಕಳಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶ ಇರುವುದರಿಂದ ಇದನ್ನು ಕೊನೆಯಲ್ಲಿ ಸೂಚನೆಯೆಂದು ತುರುಕದೆ ಬರಹದ ಮೊದಲ ಪ್ಯಾರಾದಲ್ಲೇ ಹೇಳಬೇಕು. ಆಗಸ್ಟ್ 27ಕ್ಕೆ ಮತ್ತೆ ಕಡುಬಿನದೇ ಒಂದು ಚಿಕ್ಕ ಬರಹ, ಅದರ ವಿಚಾರ ಆಮೇಲೆ. ಸೆಪ್ಟೆಂಬರ್ 24ಕ್ಕೆ ಚಕ್ಕುಲಿ, ಏಕೆಂದರೆ ದೀಪಾವಳಿಯ ಲಕ್ಷ್ಮೀಪೂಜೆ ನವೆಂಬರ್ 8. ಆದರೆ ಚಕ್ಕುಲಿ ಕರಿಯುವುದು ಆಗಸ್ಟ್ ಕೊನೆಯಲ್ಲೇ ಆಗಬೇಕು. ಸೆಪ್ಟೆಂಬರ್ ಮೊದಲರ್ಧದಲ್ಲಿ ಗೌರಿ–ಗಣೇಶನ ಕೆಲಸವೇ ಸಾಕಷ್ಟಿರುತ್ತದೆ.

ಸೆಪ್ಟೆಂಬರ್ 10 ಖಾಲಿ, ಬೇಕೆಂದೇ ಖಾಲಿ. ಹಬ್ಬಕ್ಕೆ ನಾಲ್ಕು ದಿನ ಇರುವಾಗ ಹೊಸದೇನು ಹಾಕಿದರೂ ಸರ್ಚಿಗೆ ತಲುಪುವುದಿಲ್ಲ, ಮನೆಯಲ್ಲಿ ಪುರುಸೊತ್ತೂ ಇರುವುದಿಲ್ಲ. ಆ ವಾರ ಮಾಡಬೇಕಾದದ್ದು ಕಡುಬಿನ ಬರಹದ ಕೊಂಡಿಯನ್ನು ವಾಟ್ಸ್ಆ್ಯಪಿನಲ್ಲಿ, ಫೇಸ್‌ಬುಕ್ಕಿನಲ್ಲಿ ಹಂಚುವುದು, ಓದುಗರು ಕೇಳಿದ ಪ್ರಶ್ನೆಗೆ ಅಂದೇ ಉತ್ತರಿಸುವುದು. ‘ಹಿಟ್ಟು ಗಂಟಾಯ್ತು, ಈಗ ಏನ್ಮಾಡ್ಲಿ ಅಕ್ಕ?’ ಎಂದು ಹಬ್ಬದ ಮುಂಜಾನೆ ಕೇಳಿದವರಿಗೆ ಸಂಜೆಯ ಉತ್ತರದಿಂದ ಏನೂ ಪ್ರಯೋಜನವಿಲ್ಲ.

ಕಡುಬನ್ನೇ ಹತ್ತಿರದಿಂದ ನೋಡೋಣ. ಜೂನ್ ಕೊನೆಯ ಒಂದು ಮಧ್ಯಾಹ್ನದ ಕೆಲಸ ಎಷ್ಟು ಬರಹಕ್ಕೆ ಒದಗುತ್ತದೆ ಎಂಬುದು ಅದರಲ್ಲಿ ಗೊತ್ತಾಗುತ್ತದೆ. ಒಂದು ಅಳತೆ ನುಣ್ಣನೆಯ ಅಕ್ಕಿಹಿಟ್ಟಿಗೆ ಒಂದೂಕಾಲು ಅಳತೆ ನೀರು. ನೀರಿಗೆ ಚಿಟಿಕೆ ಉಪ್ಪು, ಒಂದು ಚಮಚ ತುಪ್ಪ ಹಾಕಿ ಕುದಿಸಿ, ಉರಿ ಸಣ್ಣ ಮಾಡಿ ಹಿಟ್ಟು ಸುರಿದು ಮಗುಚಿ, ಒಲೆ ಆರಿಸಿ ಐದು ನಿಮಿಷ ಮುಚ್ಚಿಡಬೇಕು. ಕೈಗೆ ಸುಡುವಷ್ಟು ಬಿಸಿ ಇರುವಾಗಲೇ ನಾದಬೇಕು. ಹೂರಣಕ್ಕೆ ಒಂದು ಅಳತೆ ತುರಿದ ಕಾಯಿ, ಮುಕ್ಕಾಲು ಅಳತೆ ಬೆಲ್ಲ, ಏಲಕ್ಕಿ. ತಳ ಬಿಟ್ಟು ಮುದ್ದೆಯಾದ ಕೂಡಲೇ ಇಳಿಸಬೇಕು. ಇನ್ನೂ ಎರಡು ನಿಮಿಷ ಬಿಟ್ಟರೆ ಆರಿದ ಮೇಲೆ ಕಲ್ಲಾಗುತ್ತದೆ. ತುಂಬಿದ ಕಡುಬು ಹಬೆಯಲ್ಲಿ ಹತ್ತು–ಹನ್ನೆರಡು ನಿಮಿಷ.

ಮೊದಲ ಸಲ ಮಾಡುವುದು ಅಂಗಡಿಯ ಹಿಟ್ಟಿನಲ್ಲಿ. ಎರಡನೆಯ ಸಲ, ಫೋಟೊದ ದಿನ, ನೆನೆಸಿ ಒಣಗಿಸಿ ಗಿರಣಿಯಲ್ಲಿ ಬೀಸಿಸಿದ ಹಿಟ್ಟಿನಲ್ಲಿ. ಎರಡೂ ಒಂದೇ ಪ್ರಮಾಣದ ನೀರು ಕುಡಿಯುವುದಿಲ್ಲ. ಆ ವ್ಯತ್ಯಾಸ ಎಷ್ಟೆಂದು ಅಳೆದು ಬರೆದಿಟ್ಟುಕೊಂಡದ್ದೇ ಈ ಬರಹದ ಬಂಡವಾಳ. ಬೇರೆ ನೂರು ಕಡೆ ಕಡುಬು ಸಿಕ್ಕುತ್ತದೆ, ಈ ಮಾತು ಸಿಕ್ಕುವುದಿಲ್ಲ. ಲೋಟದ ಅಳತೆ ಮನೆಮನೆಗೆ ಬೇರೆಯಾದ್ದರಿಂದ ಗ್ರಾಮಿನಲ್ಲೂ ತೂಗಿಡಬೇಕು. ಮಡಚುವಾಗ ಒಂದೆರಡು ಕಡುಬು ಒಡೆಯುತ್ತವೆ. ಅವನ್ನು ಮಕ್ಕಳ ಬಾಯಿಗೆ ಹಾಕುವ ಮುಂಚೆ ಫೋಟೊ ತೆಗೆದುಕೊಳ್ಳಬೇಕು. ಅಂಚಿನಲ್ಲಿ ಕೂದಲಿನಂಥ ಬಿರುಕು ಬಿಟ್ಟಿದ್ದರೆ ಹಿಟ್ಟು ಒಣಗಿದೆ ಅಥವಾ ಆರಿದ ಮೇಲೆ ನಾದಿದ್ದಾರೆ. ತಳದಲ್ಲಿ ಬಾಯಿಬಿಟ್ಟು ಬೆಲ್ಲ ಸುರಿದಿದ್ದರೆ ಹೂರಣ ನೀರುನೀರಾಗಿತ್ತು. ಆಗಸ್ಟ್ 27ರ ಬರಹ ಇದೇ: ‘ಕಡುಬು ಒಡೆಯುವುದೇಕೆ? ಬಿರುಕು ನೋಡಿ ಕಾರಣ ಹೇಳಬಹುದು’. ಇನ್ನು ಹೂರಣ ಉಳಿದೇ ಉಳಿಯುತ್ತದೆ. ಅದನ್ನು ಚಪಾತಿ ಹಿಟ್ಟಿನೊಳಗೆ ತುಂಬಿ ಕಾಯಿ ಒಬ್ಬಟ್ಟು ತಟ್ಟಿದರೆ ಇನ್ನೊಂದು ದಿನದ ಅಡುಗೆ ಕೈಗೆ ಬಂತು. ಅದರ ಫೋಟೊ ತೆಗೆದು ಕಪಾಟಿನಲ್ಲಿಡುವುದು. ಹೀಗೆ ಒಂದು ಮಧ್ಯಾಹ್ನಕ್ಕೆ ಮೂರು ಬರಹ ಆದಾಗಲೇ ಎರಡು ವಾರಕ್ಕೊಂದು ಎಂಬ ಮಾತು ನಡೆಯುತ್ತದೆ.

ಮಲೆನಾಡಿನಲ್ಲಿ ಇನ್ನೊಂದು ಸಂಗತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ವಿಧಿಯಿಲ್ಲ. ಜುಲೈಯ ಮಳೆಯಲ್ಲಿ ಮಧ್ಯಾಹ್ನ ಮೂರೂವರೆಗೇ ಅಡುಗೆಮನೆ ಮಬ್ಬಾಗುತ್ತದೆ, ಕರೆಂಟೂ ಕೈಕೊಡುತ್ತದೆ. ಟ್ಯೂಬ್‌ಲೈಟಿನಡಿ ತೆಗೆದ ಬಿಳಿ ಕಡುಬು ಫೋಟೊದಲ್ಲಿ ನೀಲಿಗೆ ತಿರುಗುತ್ತದೆ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಒಂದರವರೆಗೆ ಕಿಟಕಿಯ ಪಕ್ಕ ತೆಗೆಯುವುದೇ ಮೇಲು. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಹಬೆ ಲೆನ್ಸಿಗೆ ಕಟ್ಟುವುದರಿಂದ ಒಂದು ನಿಮಿಷ ಬಿಟ್ಟು, ಬಟ್ಟೆಯಲ್ಲಿ ಒರೆಸಿಕೊಂಡು ಆಮೇಲೆ ಕ್ಲಿಕ್ ಮಾಡಬೇಕು. ಇಂಥ ತಿಂಗಳಲ್ಲಿ ಎರಡು ವಾರ ಬಿಸಿಲೇ ಬೀಳದೆಯೂ ಹೋಗಬಹುದು. ಅದಕ್ಕೆಂದೇ ಯಾವಾಗಲೂ ಎರಡು ಸಿದ್ಧ ಬರಹಗಳು ಕಪಾಟಿನಲ್ಲಿರಬೇಕು, ಎರಡೂ ದಿನದ ಅಡುಗೆಯವೇ. ಒಂದನ್ನು ಬಳಸಿದರೆ ಮುಂದಿನ ಬಿಡುವಿನಲ್ಲಿ ಆ ಜಾಗ ಮತ್ತೆ ತುಂಬಬೇಕು. ಕಪಾಟು ಬರಿದಾದ ತಿಂಗಳು ವೇಗ ತಗ್ಗಿಸಿ ತಿಂಗಳಿಗೊಂದಕ್ಕೆ ಇಳಿದರೂ ನಷ್ಟವಿಲ್ಲ, ಓದುಗರು ಗುರುವಾರ ಎಣಿಸುತ್ತ ಕೂತಿರುವುದಿಲ್ಲ.

ತಲೆಬರಹದ ಮಾತಿಗೆ ಬಂದರೆ, ‘ಅಮ್ಮನ ಕೈರುಚಿಯ ಕಡುಬು’ ಎಂಬಂಥವನ್ನು ಬರೆದವರಲ್ಲದೆ ಬೇರೆ ಯಾರೂ ಹುಡುಕುವುದಿಲ್ಲ. ಯಾವ ತಿಂಡಿ, ಯಾವ ಕಡೆಯದು, ಯಾವ ತೊಂದರೆ ಬಗೆಹರಿಸುತ್ತದೆ, ಇವು ತಲೆಬರಹದಲ್ಲೇ ಇರಬೇಕು. ಧಾರವಾಡದಲ್ಲಿ ಕಡುಬೆಂದರೆ ಗೋಧಿ ಕಣಕದ್ದು, ಮಂಗಳೂರಿನಲ್ಲಿ ಹಲಸಿನೆಲೆಯ ಕೊಟ್ಟೆಯಲ್ಲಿ ಬೇಯಿಸಿದ ಉದ್ದಿನಹಿಟ್ಟಿನದು. ಆದ್ದರಿಂದ ‘ಗಣೇಶ ಚೌತಿಯ ಸಿಹಿ ಕಡುಬು: ಅಕ್ಕಿಹಿಟ್ಟು ಬಿರಿಯದಂತೆ ನಾದುವ ಕ್ರಮ’. ಉಳಿದ ಗುರುವಾರಗಳಿಗೆ ‘ಮಲೆನಾಡಿನ ಹುಳಿಪುಡಿ: ಆರು ತಿಂಗಳು ಘಮ ಉಳಿಯಲು ಯಾವುದನ್ನು ಎಷ್ಟು ಹುರಿಯಬೇಕು’, ‘ನಾಗರಪಂಚಮಿಗೆ ಅರಿಶಿನ ಎಲೆಯ ಕಡುಬು, ಎಲೆ ಸಿಗದ ಊರಿನಲ್ಲಿ ಏನು ಮಾಡುವುದು’, ‘ಕಳಲೆ ಕಹಿ ತೆಗೆಯುವುದು ಹೇಗೆ? ಮೂರು ದಿನದ ಕ್ರಮ’, ‘ಚಕ್ಕುಲಿ ಎಣ್ಣೆ ಕುಡಿದರೆ, ಮುರಿದರೆ: ಹಿಟ್ಟಿನ ಹದ’. ಎಲೆ ಸಿಗದ ಊರೆಂದಾಗ ಬೆಂಗಳೂರಿನ ಅಪಾರ್ಟ್‌ಮೆಂಟೂ ಸೇರಿತು, ನ್ಯೂಜೆರ್ಸಿಯೂ ಸೇರಿತು. ಕನ್ನಡದ ಅಡುಗೆ ಹುಡುಕುವ ಬಹಳ ಜನ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡುವುದರಿಂದ ಬರಹದೊಳಗೆ ಎಲ್ಲಾದರೂ ಒಮ್ಮೆ `kadubu recipe` ಎಂದು ಬರೆದಿಡುವುದು ಉಪಯೋಗಕ್ಕೆ ಬರುತ್ತದೆ. ತಲೆಬರಹದಲ್ಲಾಗಲಿ, ಬರಹದ ವಿಳಾಸದಲ್ಲಾಗಲಿ ಇಸವಿ ಹಾಕಬಾರದು. `ganesha-kadubu` ಎಂಬ ವಿಳಾಸ ಹತ್ತು ವರ್ಷ ನಡೆಯುತ್ತದೆ, `ganesha-kadubu-2026` ಮುಂದಿನ ವರ್ಷಕ್ಕೇ ಹಳಸುತ್ತದೆ.

ಹಬ್ಬ ಕಳೆದ ವಾರ ಗೂಗಲ್ ಸರ್ಚ್ ಕನ್ಸೋಲ್ ತೆರೆದು ನೋಡಬೇಕು. ಯಾವ ಪದ ಟೈಪ್ ಮಾಡಿದವರಿಗೆ ನಿಮ್ಮ ಬರಹ ಕಾಣಿಸಿತು, ಎಷ್ಟು ಮಂದಿ ಒಳಗೆ ಬಂದರು ಎಂಬುದು ಅಲ್ಲಿರುತ್ತದೆ. ಕಾಣಿಸಿದ್ದು ಬಹಳ, ಬಂದವರು ಕಡಿಮೆ ಎಂದಾದರೆ ತಲೆಬರಹ ತಿದ್ದಬೇಕು. ಕಾಣಿಸಿದ್ದೇ ಇಲ್ಲವೆಂದರೆ ತಡವಾಗಿ ಹಾಕಿದ್ದೀರಿ, ಇಲ್ಲವೇ ದೊಡ್ಡ ಸೈಟುಗಳು ಆ ಪದವನ್ನು ಹಿಡಿದುಕೊಂಡಿವೆ. ಆಗ ‘ಕಡುಬು’ ಬಿಟ್ಟು ‘ಕಡುಬಿನ ಹಿಟ್ಟು ಗಂಟಾದರೆ’ ಎಂಬ ಕಿರಿದಾದ ಪ್ರಶ್ನೆಗೆ ಹೋಗುವುದು ಜಾಣತನ. ಮುಂದಿನ ವರ್ಷ ಹೊಸದಾಗಿ ಕಡುಬು ಬರೆಯುವ ಅಗತ್ಯವಿಲ್ಲ. ಅದೇ ಬರಹಕ್ಕೆ ಓದುಗರು ಕೇಳಿದ ಪ್ರಶ್ನೆಗಳ ಉತ್ತರ ಸೇರಿಸಿ, ಒಳ್ಳೆಯ ಫೋಟೊ ಹಾಕಿ, ವಿಳಾಸ ಬದಲಿಸದೆ ಮತ್ತೆ ಮುಂದಕ್ಕೆ ತರುವುದು. 2027ರಲ್ಲಿ ಚೌತಿ ಸೆಪ್ಟೆಂಬರ್ 4ಕ್ಕೆ ಬರುವುದರಿಂದ ಈ ತಿದ್ದುಪಡಿ ಜುಲೈ ಮೂರನೆಯ ವಾರಕ್ಕೇ ಮುಗಿಯಬೇಕು. ಎಂಟು ಗಂಟೆಯ ಕೆಲಸ ಎರಡು ಗಂಟೆಗೆ ಇಳಿಯುತ್ತದೆ, ಉಳಿದದ್ದು ಹೊಸ ಅಡುಗೆಗೆ.

ಉಪ್ಪಿನಕಾಯಿಗೆ ಮಾತ್ರ ಈ ಯಾವ ಲೆಕ್ಕವೂ ಸಾಲುವುದಿಲ್ಲ. ಅಪ್ಪೆಮಿಡಿ ಬಂದಾಗ ತೊಟ್ಟು ಮುರಿಯದಂತೆ ಆರಿಸಿ ಕಲ್ಲುಪ್ಪಿನಲ್ಲಿ ಹಾಕಿ, ಮಿಡಿ ಸುಕ್ಕುಗಟ್ಟಿದ ಮೇಲೆ ಆ ಉಪ್ಪುನೀರನ್ನು ಕುದಿಸಿ ಆರಿಸಿ, ಸಾಸಿವೆ–ಮೆಣಸಿನ ಖಾರ ಕೂಡಿಸಿ ಭರಣಿಗೆ ತುಂಬುವವರೆಗೆ ಫೋಟೊ ತೆಗೆಯಬಹುದು, ಅಳತೆ ಬರೆಯಬಹುದು. ಪ್ರಕಟಿಸುವಂತಿಲ್ಲ. ಮಳೆಗಾಲದಲ್ಲಿ ಬೂಷ್ಟು ಬಂತೇ, ದೀಪಾವಳಿಗೆ ತೆರೆದಾಗ ಮಿಡಿ ಗಟ್ಟಿ ಇತ್ತೇ ಮೆತ್ತಗಾಯಿತೇ, ಸೊನೆಯ ಘಮ ಉಳಿದಿತ್ತೇ ಎಂದು ನೋಡದೆ ಅಳತೆ ಸರಿಯೆಂದು ಹೇಳುವುದು ಹೇಗೆ? ಅದರ ಒಲೆಯ ತಾರೀಖು ಈ ಮಾರ್ಚ್. ಜುಲೈ ಮತ್ತು ನವೆಂಬರಿನ ಪುಟಗಳಲ್ಲಿ ‘ಭರಣಿ ತೆರೆದು ನೋಡುವುದು, ಫೋಟೊ’ ಎಂದು ಒಂದೊಂದು ಸಾಲು. ಪ್ರಕಟಣೆ ಮುಂದಿನ ಫೆಬ್ರವರಿಯ ಮೊದಲ ಗುರುವಾರ, ಸಾಗರ–ಶಿರಸಿಯ ಪೇಟೆಗೆ ಹೊಸ ಮಿಡಿ ಇಳಿಯುವ ಮುಂಚೆ.